ನೆರೆಯವರ ಕಾಗದ ಓದಿಕೊಡುವ ಕ್ರಮ

ನಮ್ಮ ವಾಚನಾಲಯಕ್ಕೆ ಪತ್ರಿಕೆ ಓದಲು ಬರುವವರಿರುವಂತೆಯೇ, ಓದಿಸಿಕೊಳ್ಳಲು ಬರುವವರೂ ಇರುತ್ತಾರೆ. ಊರಿನಿಂದ ಬಂದ ಪತ್ರ, ಕೋರ್ಟಿನ ನೋಟೀಸು, ಮೊಬೈಲಿಗೆ ಬಂದ ಮರಾಠಿ ಸಂದೇಶ, ದವಾಖಾನೆಯ ಕೇಸ್ ಪೇಪರು, ಹೀಗೆ ಏನಾದರೊಂದನ್ನು ಹಿಡಿದು ಬಂದು, "ಇದರಾಗ ಏನ್ ಬರದಾರ, ನೋಡಿ ಹೇಳ್ರಿ" ಎನ್ನುತ್ತಾರೆ. ನಾಲ್ಕಕ್ಷರ ಇಂಗ್ಲಿಷು, ನಾಲ್ಕಕ್ಷರ ಮರಾಠಿ ಬಲ್ಲವರು ಅದನ್ನು ಕನ್ನಡದಲ್ಲಿ ಹೇಳುತ್ತೇವೆ. ಈ ಕೆಲಸಕ್ಕೆ ಸಂಬಳವಿಲ್ಲ, ಪರೀಕ್ಷೆಯಿಲ್ಲ. ಆದರೆ ಕ್ರಮವೊಂದುಂಟು. ಅದು ತಪ್ಪಿದರೆ ಕಾಗದ ತಂದವನಿಗೆ ಮನೆಯಲ್ಲಿ, ಚಾಳಿನಲ್ಲಿ, ಕೆಲಸದ ಜಾಗದಲ್ಲಿ ತಲೆ ಎತ್ತದಂತಾಗಬಹುದು. ಎಲ್ಲ ಬಗೆಯ ಕಾಗದಗಳನ್ನೂ ಒಂದೇ ಲೇಖನದಲ್ಲಿ ತುಂಬುವುದು ಬೇಡ. ಎಲ್ಲಕ್ಕಿಂತ ಸೂಕ್ಷ್ಮವಾದ ದವಾಖಾನೆಯ ಕಾಗದವನ್ನೇ ತೆಗೆದುಕೊಂಡು, ಮೊದಲಿನಿಂದ ಕೊನೆಯವರೆಗೆ ನೋಡೋಣ. ಇದು ತಿಳಿದರೆ ಉಳಿದವು ತಾವಾಗಿ ತಿಳಿಯುತ್ತವೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಭೀಮಣ್ಣ ಎಂಬ ಮೂವತ್ತೈದು ವರ್ಷದ ಗೌಂಡಿ. ವಿಜಯಪುರದ ಕಡೆಯವನು. ತಿಂಗಳಿಂದ ಕೆಮ್ಮು, ಸಂಜೆ ಜ್ವರ, ಮೈ ಇಳಿದಿದೆ. ಮುನ್ಸಿಪಾಲಿಟಿಯ ದವಾಖಾನೆಯಲ್ಲಿ ಕಫ, ರಕ್ತ ಎರಡನ್ನೂ ಪರೀಕ್ಷೆ ಮಾಡಿ, ಗುಳಿಗೆ ಕೊಟ್ಟು, ನಾಲ್ಕು ಹಾಳೆ ಕೈಗಿಟ್ಟಿದ್ದಾರೆ. ಅಲ್ಲಿ ಗರ್ದಿ ಬಹಳ. ಡಾಕ್ಟರು ಹೇಳಿದ ಮರಾಠಿ ಅವನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಸಂಜೆ ಹೆಂಡತಿಯ ಅಣ್ಣನನ್ನು ಕರೆದುಕೊಂಡು ನಿಮ್ಮ ಹತ್ತಿರ ಬರುತ್ತಾನೆ. ಹಾಳೆಗಳು ಇರುವುದು ಆ ಅಣ್ಣನ ಕೈಯಲ್ಲಿ. "ಓದ್ರಿ ಅಣ್ಣಾರ, ನಮ್ಮ ಭೀಮಣ್ಣಗ ಏನಾಗೇದ?" ಎಂದು ಅವನೇ ಕೇಳುತ್ತಾನೆ.

ಮೊದಲು ಕೇಳುವುದು: ಕಾಗದ ಯಾರದು?

ಕಾಗದ ಯಾರ ಕೈಯಲ್ಲಿದೆಯೋ ಅವರದಲ್ಲ. ಯಾರ ಹೆಸರು ಅದರ ಮೇಲಿದೆಯೋ ಅವರದು. ಭೀಮಣ್ಣನ ಹೆಸರಿದ್ದರೆ ಅದು ಭೀಮಣ್ಣನ ಕಾಗದ. ಭಾವನು ದುಡ್ಡು ಖರ್ಚು ಮಾಡಿರಬಹುದು, ದವಾಖಾನೆಯ ಕ್ಯೂನಲ್ಲಿ ನಿಂತಿರಬಹುದು, ಪ್ರೀತಿಯಿಂದಲೇ ಬಂದಿರಬಹುದು. ಆದರೂ ಒಳಗಿರುವ ಮಾತಿನ ಯಜಮಾನ ಭೀಮಣ್ಣನೇ.

ಆದ್ದರಿಂದ ನೀವು ಮಾಡಬೇಕಾದ ಮೊದಲನೆಯ ಕೆಲಸ, ಗಟ್ಟಿಯಾಗಿ ಓದದಿರುವುದು. ಎರಡನೆಯದು, ರೋಗಿಯೊಬ್ಬನನ್ನೇ ಐದು ನಿಮಿಷ ಬೇರೆಯಾಗಿ ಕೂರಿಸಿಕೊಳ್ಳುವುದು. ಇಲ್ಲೊಂದು ತೊಡಕುಂಟು. "ನೀವು ಸ್ವಲ್ಪ ಹೊರಗಿರಿ" ಎಂದು ಈ ಹೊತ್ತು ಮಾತ್ರ ಹೇಳಿದರೆ, "ಏನೋ ದೊಡ್ಡ ರೋಗವೇ ಇರಬೇಕು" ಎಂದು ಭಾವನಿಗೆ ಸಂಶಯ ಹುಟ್ಟುತ್ತದೆ. ನೀವು ಬಾಯಿ ಬಿಡದೆಯೇ ಗುಟ್ಟು ಅರ್ಧ ಹೊರಬಿದ್ದಂತಾಯಿತು. ಇದಕ್ಕೆ ಉಪಾಯ ಒಂದೇ. ನೆಗಡಿಯ ಚೀಟಿಯಾಗಲಿ, ಕನ್ನಡಕದ ನಂಬರಾಗಲಿ, ಯಾವ ಕಾಗದ ಬಂದರೂ ಮೊದಲ ಐದು ನಿಮಿಷ ಕಾಗದದ ಯಜಮಾನನೊಬ್ಬನೊಂದಿಗೇ ಎಂಬ ಪದ್ಧತಿಯನ್ನು ಎಲ್ಲರಿಗೂ ಸಮನಾಗಿ ನಡೆಸಬೇಕು. "ಇದು ನಮ್ಮ ಪದ್ಧತಿ, ಎಲ್ಲರಿಗೂ ಹೀಗೇ" ಎಂಬ ಮಾತು ಆಗ ನಿಜವಾಗಿರುತ್ತದೆ, ಯಾರಿಗೂ ಸಂಶಯ ಬರುವುದಿಲ್ಲ. ನಾಲ್ಕು ಮಂದಿಗೆ ನಡೆಸಿ ಐದನೆಯವನಿಗೆ ಬಿಟ್ಟರೆ ಪದ್ಧತಿಯೇ ಮುರಿದಂತೆ.

ಜಾಗದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ವಾಚನಾಲಯದ ಉದ್ದ ಮೇಜು ಇದಕ್ಕೆ ತಕ್ಕ ಸ್ಥಳವಲ್ಲ. ಚಾಳಿನ ಗ್ಯಾಲರಿಯಂತೂ ಕೂಡದು; ಅಲ್ಲಿ ಒಂದು ಖೋಲಿಯ ಮಾತು ಮೂರು ಖೋಲಿಗೆ ಕೇಳುತ್ತದೆ. ವಾಚನಾಲಯ ಮುಚ್ಚುವ ಮುಂಚಿನ ಅರ್ಧ ಗಂಟೆ, ಕಪಾಟಿನ ಹಿಂದಣ ಎರಡು ಕುರ್ಚಿ, ಇಷ್ಟಿದ್ದರೆ ಸಾಕು.

ಸದ್ದಿಲ್ಲದೆ ನೋಡಿ, ಆಮೇಲೆ ಕೇಳುವುದು

ಭೀಮಣ್ಣನೊಬ್ಬನೇ ಇದ್ದಾನೆ. ಈಗ ನಾಲ್ಕು ಹಾಳೆಗಳ ಮೇಲೂ ಅವನ ಹೆಸರು, ವಯಸ್ಸು ಸರಿಯಾಗಿವೆಯೆ ಎಂದು ನೋಡಿ. ಗರ್ದಿಯಲ್ಲಿ ಒಬ್ಬರ ರಿಪೋರ್ಟು ಇನ್ನೊಬ್ಬರ ಕೈಗೆ ಹೋಗುವುದುಂಟು. ಬೇರೆ ಹೆಸರಿನ ಹಾಳೆ ಸಿಕ್ಕರೆ ಅದನ್ನು ಓದದೆ ಮಡಿಸಿ, ದವಾಖಾನೆಗೆ ಮರಳಿಸಲು ಹೇಳಬೇಕು.

ನಂತರ ಬಾಯಿ ಮುಚ್ಚಿಕೊಂಡೇ ಒಂದು ಸಲ ಎಲ್ಲವನ್ನೂ ನೋಡಿ. ಮೊದಲನೆಯದು ಕೇಸ್ ಪೇಪರು. ಎರಡನೆಯದು ಕಫದ ಪರೀಕ್ಷೆ. ಮೂರನೆಯದು ಗುಳಿಗೆಯ ಚೀಟಿ. ನಾಲ್ಕನೆಯದು ರಕ್ತದ ಪರೀಕ್ಷೆ, ಅದರ ಮೇಲೆ ಎಚ್.ಐ.ವಿ. ಎಂದಿದೆ. ನಮ್ಮ ದೇಶದ ಕ್ರಮದಲ್ಲಿ ಕ್ಷಯ ಕಂಡವರಿಗೆಲ್ಲ ಎಚ್.ಐ.ವಿ. ಪರೀಕ್ಷೆಯನ್ನೂ ಮಾಡಿಸಲು ಹೇಳುತ್ತಾರೆ. ಆದಕಾರಣ ಕ್ಷಯದ ಕಾಗದಗಳ ಕಟ್ಟಿನಲ್ಲಿ ಆ ಹಾಳೆ ಇರುವುದು ಸಾಮಾನ್ಯ. ಅದಿದ್ದ ಮಾತ್ರಕ್ಕೆ ಆ ರೋಗ ಉಂಟೆಂದಾಗಲಿ, ಆ ಮನುಷ್ಯನ ನಡತೆ ಇಂಥದೆಂದಾಗಲಿ ಅಲ್ಲ. ಇದನ್ನು ಓದಿಕೊಡುವವನು ತನಗೆ ತಾನೇ ಮೊದಲು ಹೇಳಿಕೊಳ್ಳಬೇಕು. ಮುಖದ ಮೇಲೆ ಬದಲಾವಣೆ ಕಂಡರೆ ರೋಗಿ ಅದನ್ನೇ ಓದಿಕೊಳ್ಳುತ್ತಾನೆ.

ಈಗ ರೋಗಿಯನ್ನು ಕೇಳುವುದು: "ಇವು ನಾಲ್ಕು ಹಾಳೆ. ಒಂದು ಕಫದ್ದು, ಒಂದು ರಕ್ತದ್ದು, ಒಂದು ಗುಳಿಗೆಯದು, ಒಂದು ಡಾಕ್ಟರು ಬರೆದದ್ದು. ಯಾವುದನ್ನು ಓದಲಿ? ನಿಮ್ಮ ಭಾವನ ಮುಂದೆ ಯಾವುದನ್ನು ಓದಬಹುದು, ಯಾವುದು ಬೇಡ?" ಈ ಪ್ರಶ್ನೆಯನ್ನು ಭಾವನ ಎದುರಿಗೇ ಕೇಳಿದ್ದರೆ ಭೀಮಣ್ಣ "ಎಲ್ಲಾ ಓದ್ರಿ, ಅವರು ನಮ್ಮವರs ಅದಾರ" ಎಂದೇ ಹೇಳುತ್ತಿದ್ದ. ಇನ್ನೇನು ಹೇಳಲು ಸಾಧ್ಯ? ಎದುರಿಗೆ ಕೇಳಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ, ಸಂಕೋಚ.

ಮಾತು ತಪ್ಪದಂತೆ ಹೇಳುವುದು

ಗುಟ್ಟು ಕಾಯುವುದೊಂದೇ ಧರ್ಮವಲ್ಲ. ಸರಿಯಾಗಿ ಹೇಳುವುದೂ ಧರ್ಮವೇ. ಕಫದ ಹಾಳೆಯಲ್ಲಿ ಎರಡು ಸಾಲುಗಳಿವೆ. ಮೊದಲನೆಯದು "ಎಂ.ಟಿ.ಬಿ. ಡಿಟೆಕ್ಟೆಡ್". ಎರಡನೆಯದು "ರಿಫ್ ರೆಸಿಸ್ಟೆನ್ಸ್ ನಾಟ್ ಡಿಟೆಕ್ಟೆಡ್". ಅವಸರದಲ್ಲಿ ಓದುವವನ ಕಣ್ಣು ಕೊನೆಯ "ನಾಟ್ ಡಿಟೆಕ್ಟೆಡ್" ಎಂಬುದರ ಮೇಲೆ ನಿಲ್ಲುತ್ತದೆ. "ಏನೂ ಇಲ್ಲವಂತೆ, ಹೆದರಬೇಡಿ" ಎಂದುಬಿಡುತ್ತಾನೆ. ಅಲ್ಲಿರುವ ಅರ್ಥವೇ ಬೇರೆ. ಮೊದಲನೆಯ ಸಾಲು ಕ್ಷಯದ ಕ್ರಿಮಿ ಕಫದಲ್ಲಿ ಸಿಕ್ಕಿದೆ ಎನ್ನುತ್ತದೆ. ಎರಡನೆಯ ಸಾಲು ಹೇಳುವುದು, ಆ ಕ್ರಿಮಿಯು ರಿಫಾಂಪಿಸಿನ್ ಎಂಬ ಔಷಧಕ್ಕೆ ಬಗ್ಗದಂಥದೆಂದು ಕಂಡುಬಂದಿಲ್ಲ, ಎಂದರೆ ಆ ಮುಖ್ಯ ಔಷಧ ನಾಟುವ ಸಂಭವವಿದೆ ಎಂದು. ರೋಗ ಉಂಟು, ಆದರೆ ಔಷಧಕ್ಕೆ ಜಗ್ಗುವ ಜಾತಿಯದು. "ಏನೂ ಇಲ್ಲ" ಎಂದು ಕೇಳಿಸಿಕೊಂಡ ಭೀಮಣ್ಣ ಗುಳಿಗೆ ನುಂಗದೆ ಕೆಲಸಕ್ಕೆ ಹೋದರೆ, ಮನೆಯವರಿಗೂ ಜೊತೆಯವರಿಗೂ ರೋಗ ಹರಡುತ್ತದೆ. ಒಂದು "ನಾಟ್" ಎಂಬ ಶಬ್ದ ಯಾವುದಕ್ಕೆ ಸೇರಿದ್ದು ಎಂದು ನೋಡದಿದ್ದುದರ ಫಲ ಅದು.

ಗುಳಿಗೆಯ ಚೀಟಿಯಲ್ಲಿ ತೂಕ 48 ಕಿಲೋ, ದಿನಕ್ಕೆ 3 ಗುಳಿಗೆ ಎಂದಿದೆ. ಕ್ಷಯದ ಗುಳಿಗೆಯ ಲೆಕ್ಕ ತೂಕದ ಮೇಲೆ ಹೋಗುತ್ತದೆ. ಆದ್ದರಿಂದ ಪಕ್ಕದ ಖೋಲಿಯವನು ನಾಲ್ಕು ನುಂಗುತ್ತಿದ್ದ ಎಂಬುದನ್ನು ನೋಡಿ ಲೆಕ್ಕ ಬದಲಿಸಲಾಗದು. ಬರೆದಷ್ಟನ್ನೇ ಹೇಳಬೇಕು. ಸಾಮಾನ್ಯವಾಗಿ ಈ ಚಿಕಿತ್ಸೆ ಆರು ತಿಂಗಳು ನಡೆಯುತ್ತದೆ. ಚೀಟಿಯಲ್ಲಿ ಮುಂದಿನ ತಾರೀಖು ಬರೆದಿದ್ದರೆ ಅದನ್ನೂ ಓದಬೇಕು. ಅಕ್ಷರ ತಿಳಿಯದಿದ್ದರೆ ಊಹೆ ಮಾಡಬಾರದು. "ಈ ಶಬ್ದ ನನಗೆ ಓದಲಾಗುತ್ತಿಲ್ಲ, ನಾಳೆ ಅಲ್ಲಿಯೇ ಕೇಳಿ" ಎಂದು ಹೇಳಿ, ಆ ಶಬ್ದದ ಕೆಳಗೆ ಪೆನ್ಸಿಲಿನ ಗೆರೆ ಎಳೆದುಕೊಡಿ.

ಇನ್ನು ನಾಲ್ಕನೆಯ ಹಾಳೆ. ಭೀಮಣ್ಣ "ಅದನ್ನೂ ಓದ್ರಿ" ಎನ್ನುತ್ತಾನೆ. ಅದರಲ್ಲಿ "ರಿಯಾಕ್ಟಿವ್" ಎಂದು ಬರೆದಿದೆ ಎಂದಿಟ್ಟುಕೊಳ್ಳೋಣ. ಇಲ್ಲಿ ಓದಿಕೊಡುವವನಿಗೆ ಎರಡು ಆಸೆಗಳು ಹುಟ್ಟುತ್ತವೆ. ಒಂದು, ಪಾಪ, ಇವನಿಗೆ ಹೇಳುವುದು ಬೇಡ, "ರಕ್ತ ಸರಿಯಾಗಿದೆ" ಎಂದುಬಿಡೋಣ ಎಂಬುದು. ಇನ್ನೊಂದು, ತಾನೇ ಡಾಕ್ಟರಾಗಿ, "ನಿನಗೆ ಇಂಥ ರೋಗ ಅಂಟಿದೆ" ಎಂದು ಹೇಳುವುದು. ಎರಡೂ ಕೂಡದು. ಕಾಗದ ಅವನದು, ಕೇಳುವ ಹಕ್ಕು ಅವನದು. ಸುಳ್ಳು ಹೇಳಿದರೆ ಚಿಕಿತ್ಸೆಯೇ ತಪ್ಪುತ್ತದೆ. ಆದರೆ ಆ ಒಂದು ಶಬ್ದವೇ ಕೊನೆಯ ತೀರ್ಮಾನವೂ ಅಲ್ಲ. ನಮ್ಮಲ್ಲಿ ಎಚ್.ಐ.ವಿ. ಉಂಟೆಂದು ನಿಶ್ಚಯಿಸಲು ಮೂರು ಬೇರೆ ಬೇರೆ ಬಗೆಯ ಪರೀಕ್ಷೆ ಮಾಡುವ ಕ್ರಮವಿದೆ. ಹಾಳೆಯಲ್ಲಿರುವುದು ಮೊದಲ ಪರೀಕ್ಷೆಯೋ, ಮೂರರ ಫಲವೋ ಎಂದು ನಮ್ಮಂಥವರು ಹೇಳಲಾರೆವು. ಆದ್ದರಿಂದ ಹೀಗೆ ಹೇಳಬೇಕು: "ಇದರಲ್ಲಿ ಎಚ್.ಐ.ವಿ. ಪರೀಕ್ಷೆಯ ಮುಂದೆ ರಿಯಾಕ್ಟಿವ್ ಎಂದು ಬರೆದಿದ್ದಾರೆ. ಎಂದರೆ ಆ ಪರೀಕ್ಷೆಯಲ್ಲಿ ಗುರುತು ತೋರಿದೆ. ಇದು ನಿಶ್ಚಯವೋ, ಇನ್ನೂ ಪರೀಕ್ಷೆ ಉಂಟೋ, ನಾನು ಹೇಳಲಾರೆ. ಅದನ್ನು ಹೇಳಲೆಂದೇ ಐ.ಸಿ.ಟಿ.ಸಿ. ಎಂಬ ಕೋಣೆಯಲ್ಲಿ ಸಮಾಲೋಚಕರಿದ್ದಾರೆ. ನಾಳೆ ಈ ಹಾಳೆ ತೆಗೆದುಕೊಂಡು ಅಲ್ಲಿಗೆ ಹೋಗಿ." ಸರಕಾರಿ ಕೇಂದ್ರಗಳಲ್ಲಿ ಈ ಪರೀಕ್ಷೆಯೂ ಔಷಧವೂ ಉಚಿತ. 1097 ಎಂಬ ನಂಬರಿಗೆ ಫೋನ್ ಮಾಡಿಯೂ ಕೇಳಬಹುದು, ಅದಕ್ಕೂ ಹಣವಿಲ್ಲ. ಇಷ್ಟು ಹೇಳಿ ಸುಮ್ಮನೆ ಕೂರಬೇಕು. ಅವನು ಅತ್ತರೆ ಅಳಲಿ. "ಎಲ್ಲಿಂದ ಬಂತು?" ಎಂದು ಕೇಳುವ ಅಧಿಕಾರ ನಮಗಿಲ್ಲ.

ಭಾಷಾಂತರ ಎಲ್ಲಿ ಮುಗಿಯಿತು, ನಮ್ಮ ಸ್ವಂತ ಮಾತು ಎಲ್ಲಿ ಶುರುವಾಯಿತು ಎಂಬುದು ಕೇಳುವವನಿಗೆ ಸ್ಪಷ್ಟವಾಗಿರಬೇಕು. "ಕಾಗದದಲ್ಲಿ ಹೀಗಿದೆ" ಎಂದು ಒಂದು, "ನನಗೆ ತಿಳಿದಂತೆ ಹೀಗೆ" ಎಂದು ಮತ್ತೊಂದು. ಎರಡನ್ನೂ ಬೆರಸಿದರೆ ನಮ್ಮ ಊಹೆಯನ್ನು ಅವನು ಡಾಕ್ಟರ ಮಾತೆಂದು ನಂಬುತ್ತಾನೆ.

ಭಾವನು ಕೇಳಿದಾಗ

ಐದು ನಿಮಿಷವಾದ ಮೇಲೆ ಭಾವನು ಒಳಗೆ ಬರುತ್ತಾನೆ. ಕಫದ್ದು, ಗುಳಿಗೆಯದು ಓದಬಹುದೆಂದು ಭೀಮಣ್ಣ ಹೇಳಿದ್ದಾನೆ. ಅಷ್ಟನ್ನು ಓದುತ್ತೀರಿ. ನಾಲ್ಕನೆಯ ಹಾಳೆ ಆಗಲೇ ಮಡಿಸಿ ಭೀಮಣ್ಣನ ಜೇಬಿನಲ್ಲಿದೆ. ಮೇಜಿನ ಮೇಲೆ ಬೋರಲು ಹಾಕಿ ಇಡುವಂತಿಲ್ಲ, ಬೋರಲು ಹಾಕಿದ ಹಾಳೆಯೇ ಎಲ್ಲರ ಕಣ್ಣಿಗೂ ಬೀಳುವುದು. ಮರುದಿನ ಭಾವನು ಒಬ್ಬನೇ ಬಂದು, "ನಾಕು ಹಾಳಿ ಇದ್ದೂವಲ್ಲ, ಆ ಇನ್ನೊಂದ್ರಾಗ ಏನಿತ್ತು?" ಎಂದು ಕೇಳುತ್ತಾನೆ.

"ಅದರಲ್ಲಿ ಏನೂ ಇರಲಿಲ್ಲ" ಎನ್ನುವುದು ಸುಳ್ಳು. "ಅದನ್ನು ಮಾತ್ರ ಹೇಳಲಾರೆ" ಎನ್ನುವುದು ಹೇಳಿದಂತೆಯೇ ಆಯಿತು. ಸರಿಯಾದ ಉತ್ತರ: "ಯಾರ ಕಾಗದದ ಮಾತನ್ನೂ ನಾನು ಆಡುವುದಿಲ್ಲ, ಭೀಮಣ್ಣನನ್ನೇ ಕೇಳಿ." ಈ ಉತ್ತರಕ್ಕೆ ಬಲ ಬರುವುದು, ನೆಗಡಿಯ ಚೀಟಿಯ ವಿಷಯ ಕೇಳಿದಾಗಲೂ ಇದನ್ನೇ ಹೇಳಿದ್ದರೆ ಮಾತ್ರ. ಕ್ಷುಲ್ಲಕ ವಿಷಯಗಳನ್ನು ಆಡಿ, ದೊಡ್ಡದಕ್ಕೆ ಬಾಯಿ ಮುಚ್ಚುವವನ ಮೌನವೇ ಒಂದು ಸುದ್ದಿ.

ಇದು ಬರೀ ಸಭ್ಯತೆಯ ಮಾತಲ್ಲ. 2017ರಲ್ಲಿ ಪಾರ್ಲಿಮೆಂಟು ಎಚ್.ಐ.ವಿ. ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣದ ಕಾಯಿದೆ ಮಾಡಿತು. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ 8ನೆಯ ಕಲಮಿನಂತೆ, ನಂಬಿಕೆಯಿಂದ ತಿಳಿಸಿದ ಮತ್ತೊಬ್ಬರ ಎಚ್.ಐ.ವಿ. ಸ್ಥಿತಿಯನ್ನು, ಅವರು ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ, ಮತ್ತು ಆ ಒಪ್ಪಿಗೆಯನ್ನು ಬರೆದಿಡದೆ, ಯಾರೂ ಹೊರಗೆಡಹಕೂಡದು. "ಯಾರೂ" ಎಂದರೆ ಡಾಕ್ಟರು ಮಾತ್ರವಲ್ಲ, ನಾವೂ ಸೇರಿ. ಇದೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆ ತೀರ್ಪು ಮುಖ್ಯವಾಗಿ ಸರಕಾರವನ್ನು ಕುರಿತದ್ದು, ಚಾಳಿನ ಮಾತನ್ನು ಕುರಿತದ್ದಲ್ಲ. ಆದರೂ ಮನುಷ್ಯನಿಗೆ ತನ್ನದೆಂಬ ಒಳಮನೆ ಉಂಟೆಂಬ ವಿಚಾರ ಎರಡು ಕಡೆಗೂ ಒಂದೇ.

ಹೆಂಡತಿ ಮಕ್ಕಳ ಪ್ರಶ್ನೆ

ಇಲ್ಲಿ ಓದುಗರು ಕೇಳಬಹುದು: ಭೀಮಣ್ಣ ಯಾರಿಗೂ ಹೇಳಬೇಡವೆಂದ, ಸರಿ. ಆದರೆ ಮನೆಯಲ್ಲಿ ಹೆಂಡತಿ ಇದ್ದಾಳೆ, ಮೂರು ವರ್ಷದ ಮಗುವಿದೆ. ಅವರಿಗೆ ಅಪಾಯವಲ್ಲವೆ? ಸುಮ್ಮನಿರುವುದು ಪಾಪವಲ್ಲವೆ?

ಪ್ರಶ್ನೆ ನ್ಯಾಯವಾದದ್ದೇ. ಕ್ಷಯದ ಮಟ್ಟಿಗೆ ಹೇಳುವುದಾದರೆ, ಮನೆಯವರನ್ನು ಪರೀಕ್ಷಿಸುವ ಕೆಲಸ ದವಾಖಾನೆಯದು. ಕ್ಷಯ ಕಂಡರೆ ಸರಕಾರಕ್ಕೆ ತಿಳಿಸುವ ಹೊಣೆ 2012ರಿಂದ ಡಾಕ್ಟರು, ಆಸ್ಪತ್ರೆಗಳ ಮೇಲಿದೆ. ಆರೋಗ್ಯದ ಕಾರ್ಯಕರ್ತರು ಮನೆಗೆ ಬಂದು ಉಳಿದವರನ್ನು ನೋಡುವ ಕ್ರಮವಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ರೋಗ ಇಲ್ಲದಿದ್ದರೂ ಬಾರದಂತೆ ಔಷಧ ಕೊಡುತ್ತಾರೆ. ಇದನ್ನು ಭೀಮಣ್ಣನಿಗೆ ಬಿಡಿಸಿ ಹೇಳಬೇಕು. "ಮಗುವಿಗೆ ಔಷಧ ಸಿಗುತ್ತದೆ, ಅದಕ್ಕಾಗಿ ನೀವೇ ಮನೆಯಲ್ಲಿ ಹೇಳಿ" ಎಂದರೆ ಬಹುಮಂದಿ ಒಪ್ಪುತ್ತಾರೆ. ಮಗುವಿನ ಹೆಸರು ಬಂದರೆ ತಂದೆಯ ಸಂಕೋಚ ಕರಗುತ್ತದೆ.

ಎಚ್.ಐ.ವಿ. ವಿಷಯದಲ್ಲಿ ಕಾಯಿದೆಯೇ ದಾರಿ ಹಾಕಿಕೊಟ್ಟಿದೆ. ರೋಗಿಯೇ ಹೇಳದಿದ್ದಾಗ, ಅವನ ಸಂಗಾತಿಗೆ ತಿಳಿಸುವ ಅಧಿಕಾರ ಇರುವುದು ಡಾಕ್ಟರಿಗೆ ಅಥವಾ ಸಮಾಲೋಚಕರಿಗೆ ಮಾತ್ರ. ಅವರೂ ಮೊದಲು ರೋಗಿಗೆ ತಿಳಿಹೇಳಬೇಕು, ತಾವು ತಿಳಿಸಲಿದ್ದೇವೆ ಎಂದು ಅವನಿಗೆ ಮುಂಚಿತವಾಗಿ ಹೇಳಬೇಕು, ಸಂಗಾತಿಗೆ ಎದುರಾಎದುರು ಕೂರಿಸಿಕೊಂಡು ತಿಳಿಸಬೇಕು. ಇಷ್ಟು ಕಟ್ಟುಪಾಡು ಯಾಕೆ? ತಿಳಿಸಿದ ಮರುಗಳಿಗೆ ಆ ಹೆಂಗಸಿಗೆ ಪರೀಕ್ಷೆ, ಔಷಧ, ಧೈರ್ಯ ಮೂರೂ ಅಲ್ಲಿಯೇ ಸಿಗಬೇಕು. ನಾವು ನಲ್ಲಿಯ ಹತ್ತಿರ ಅವಳ ಕಿವಿಯಲ್ಲಿ ಊದಿದರೆ ಅವಳಿಗೆ ಸಿಗುವುದು ಭಯ ಮಾತ್ರ. ಆದ್ದರಿಂದ ನಮ್ಮ ಕೆಲಸ ಭೀಮಣ್ಣನನ್ನು ಸಮಾಲೋಚಕರ ಕೋಣೆಯ ಬಾಗಿಲವರೆಗೆ ಮುಟ್ಟಿಸುವುದು. ಅವನು ಕೇಳಿಕೊಂಡರೆ ಜೊತೆಗೆ ಹೋಗಿ ಮರಾಠಿಯನ್ನು ಕನ್ನಡ ಮಾಡಿ ಹೇಳುವುದು. ಅಲ್ಲಿಂದಾಚೆ ಅವರ ಕೆಲಸ.

ಉಳಿದುಬಿಡುವ ಗುರುತುಗಳು

ಬಾಯಿ ಕಟ್ಟಿದರೂ ಗುಟ್ಟು ಬೇರೆ ದಾರಿಯಿಂದ ಸೋರುವುದುಂಟು. ಈಗ ಹೆಚ್ಚಾಗಿ ಸೋರುವುದು ಮೊಬೈಲಿನಿಂದ. "ರಾತ್ರಿ ಪಾಳಿ ಇದೆ, ಫೋಟೋ ಕಳಸ್ತೀನ್ರಿ" ಎಂದು ಕಾಗದದ ಚಿತ್ರ ಕಳಿಸುತ್ತಾರೆ. ಅದು ನಮ್ಮ ಫೋಟೋಗಳ ನಡುವೆ ಹೋಗಿ ಕೂರುತ್ತದೆ. ಮಗ ಆಟಕ್ಕೆಂದು ಫೋನು ತೆಗೆದುಕೊಂಡಾಗ ಮುಂದೆ ಬಂದು ನಿಲ್ಲುತ್ತದೆ. ಸಾಧ್ಯವಾದಷ್ಟು ಕಾಗದವನ್ನೇ ತರಿಸಿ ಓದುವುದು ಒಳ್ಳೆಯದು. ಚಿತ್ರ ಬಂದೇಬಂದರೆ, ಓದಿದ ಕೂಡಲೇ ಸಂದೇಶದಲ್ಲಿಯೂ ಫೋಟೋಗಳಲ್ಲಿಯೂ ಅಳಿಸಬೇಕು. ಅಳಿಸಿದ ಚಿತ್ರ ಅನೇಕ ಫೋನುಗಳಲ್ಲಿ ಕಸದ ಬುಟ್ಟಿಯಂಥ ಜಾಗದಲ್ಲಿ ಇನ್ನೂ ಕೆಲವು ವಾರ ಇರುತ್ತದೆ, ಅಲ್ಲಿಂದಲೂ ತೆಗೆಯಬೇಕು. ತಿಳಿಯದ ಶಬ್ದವನ್ನು ಬಲ್ಲವರ ಹತ್ತಿರ ಕೇಳುವುದಾದರೆ ಶಬ್ದವೊಂದನ್ನೇ ಕೇಳಬೇಕು. ಚಿತ್ರವನ್ನು ಮುಂದಕ್ಕೆ ಕಳಿಸಕೂಡದು.

ಗುಳಿಗೆಯ ವಿಷಯವನ್ನು ಕನ್ನಡದಲ್ಲಿ ಬರೆದುಕೊಡುವುದಾದರೆ ಆ ಚೀಟಿ ಗೋಡೆಗೆ ಅಂಟಿಸಲ್ಪಡುತ್ತದೆ ಎಂದು ತಿಳಿದೇ ಬರೆಯಬೇಕು. ಎಷ್ಟು ಗುಳಿಗೆ, ಎಷ್ಟು ಹೊತ್ತಿಗೆ, ಮುಂದಿನ ತಾರೀಖು ಯಾವುದು, ಇಷ್ಟು ಸಾಕು. ರೋಗದ ಹೆಸರೂ ರೋಗಿಯ ಹೆಸರೂ ಬೇಡ. ವಾಚನಾಲಯದ ಪುಸ್ತಕದಲ್ಲಿ ಲೆಕ್ಕಕ್ಕೆ "ಒಂದು ಕಾಗದ ಓದಲಾಯಿತು" ಎಂದರೆ ಮುಗಿಯಿತು.

ಕೊನೆಯದಾಗಿ, ಒಳ್ಳೆಯ ಮನಸ್ಸಿನಿಂದ ಆಗುವ ಸೋರಿಕೆ. ಹದಿನೈದು ದಿನ ಕಳೆದ ಮೇಲೆ ರೇಷನ್ ಅಂಗಡಿಯ ಸಾಲಿನಲ್ಲಿ ಭೀಮಣ್ಣ ಸಿಗುತ್ತಾನೆ. "ಗುಳಿಗೆ ತಪ್ಪದೆ ತೊಗೋತೀಯೇನೋ? ಕೆಮ್ಮು ಹೆಂಗೈತಿ?" ಎಂದು ಕೇಳಬೇಕೆನ್ನಿಸುತ್ತದೆ. ಹಿಂದೆ ಮುಂದೆ ಹತ್ತು ಮಂದಿ ನಿಂತಿದ್ದಾರೆ. ಅಲ್ಲಿ "ಆರಾಮ ಅದೀರೇನ್ರಿ?" ಎಂಬಷ್ಟೇ ಮಾತು. ಉಳಿದದ್ದನ್ನು ಅವನಾಗಿ ಎತ್ತಿದರೆ ಮಾತ್ರ, ಅದೂ ಕಪಾಟಿನ ಹಿಂದಣ ಕುರ್ಚಿಯಲ್ಲಿ. ಓದಿಕೊಟ್ಟದ್ದನ್ನು ನಾವು ಮರೆಯಲಾರೆವು. ಆದರೆ ನಮಗೆ ನೆನಪಿದೆ ಎಂಬುದು ಅವನಿಗೆ ಭಾರವಾಗದಂತೆ ನಡೆದುಕೊಳ್ಳಬಹುದು.

ಊರಿನ ಪತ್ರಕ್ಕೂ, ಮೊಬೈಲಿನ ಸಂದೇಶಕ್ಕೂ ಇದೇ ಕ್ರಮ: ಯಾರದೆಂದು ಕೇಳು, ಒಬ್ಬರನ್ನೇ ಕೂರಿಸು, ಇದ್ದಷ್ಟು ಹೇಳು, ಗುರುತು ಉಳಿಸಬೇಡ. ಹೆಚ್ಚಿನದು ಒಂದೇ. ಪತ್ರದಲ್ಲಿ ನಿಮ್ಮ ಸ್ವಂತ ನೆಂಟರ ವಿಷಯವೋ, ನಿಮಗೆ ಬರಬೇಕಾದ ಹಣದ ವಿಷಯವೋ ಕಂಡರೆ, ಅಲ್ಲಿಯೇ ನಿಲ್ಲಿಸಿ, "ಇದರಲ್ಲಿ ನನಗೂ ಸಂಬಂಧವಿದೆ, ಬೇರೆಯವರಿಂದ ಓದಿಸಿಕೊಳ್ಳಿ" ಎಂದು ಹೇಳಿ ಪತ್ರವನ್ನು ಮರಳಿ ಅವರ ಕೈಗೆ ಕೊಡಬೇಕು.